ಅತ್ತೆ ಮನೆಯ ಕಿರುಕುಳ: ಡಿವಿ ಅರ್ಜಿ ಹಾಕಬೇಕಾ, ಪೊಲೀಸ್ ಕಂಪ್ಲೇಂಟ್ ಕೊಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವವಳು. ಕಾನೂನು ಸೇವಾ ಸಮಿತಿಯ ಪ್ಯಾನೆಲ್‌ನಲ್ಲೂ ಇದ್ದೇನೆ. ಹಾಗಾಗಿ ವಾರಕ್ಕೆ ಒಬ್ಬರೋ ಇಬ್ಬರೋ ಹೆಣ್ಣುಮಕ್ಕಳು ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಬಂದು ನನ್ನ ಮೇಜಿನ ಮುಂದೆ ಕೂರುತ್ತಾರೆ. ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಮೇಡಂ, 498ಎ ಹಾಕಿಬಿಡೋಣ." 498ಎ ಅಂದರೆ ಗಂಡ, ಗಂಡನ ಮನೆಯವರ ಕ್ರೌರ್ಯದ ಮೇಲೆ ಹಾಕುವ ಕ್ರಿಮಿನಲ್ ಕೇಸು. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಮರುಪ್ರಶ್ನೆ ಕೇಳುತ್ತೇನೆ. ಮುಂದಿನ ಮೂರು ತಿಂಗಳಲ್ಲಿ ನಿಮಗೆ ಆಗಬೇಕಾದ್ದು ಏನು? ಇರೋಕೆ ಜಾಗವಾ, ಮಗುವಿನ ಫೀಸಾ, ಅವನು ಬಂದು ಗಲಾಟೆ ಮಾಡದಂತೆ ತಡೆಯಾ, ಅಥವಾ ಅವನಿಗೆ ಶಿಕ್ಷೆಯಾ? ಉತ್ತರ ಬದಲಾದರೆ ದಾರಿಯೂ ಬದಲಾಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ನಾಲ್ಕಾರು ಕೇಸು ಬೆರೆಸಿ ನಾನೇ ಕಟ್ಟಿದ್ದು, ಯಾರೊಬ್ಬರ ಕತೆಯೂ ಅಲ್ಲ. ಅರಸೀಕೆರೆ ಕಡೆಯ ಹುಡುಗಿ. ಬಿ.ಎಡ್. ಮಾಡಿದ್ದಾಳೆ. 2020ರಲ್ಲಿ ಮದುವೆಯಾಗಿ ಬೆಂಗಳೂರಿನಲ್ಲಿ ಅತ್ತೆ ಮಾವನ ಜೊತೆ ಇದ್ದಳು. ಮನೆ ಮಾವನ ಹೆಸರಲ್ಲಿದೆ. ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು, ಸಂಬಳದ ಎಟಿಎಂ ಕಾರ್ಡ್ ಮಾತ್ರ ಅತ್ತೆಯ ದೇವರಮನೆ ಡ್ರಾಯರಿನಲ್ಲಿ. ಬ್ಯಾಂಕಿನ ಮೆಸೇಜ್ ಗಂಡನ ನಂಬರಿಗೆ. ಆಮೇಲೆ ಕಾರು ಕೊಡಿಸಲಿಲ್ಲ ಎಂಬ ಮಾತು ಶುರುವಾಯಿತು, ಏಟೂ ಬಿತ್ತು. 2025ರ ಜೂನ್‌ನಲ್ಲಿ ಒಂದು ರಾತ್ರಿ ನಾಲ್ಕು ವರ್ಷದ ಮಗುವಿನ ಸಮೇತ ಹೊರಗೆ ಹಾಕಿದರು. ಈಗ ಅಣ್ಣನ ಮನೆಯಲ್ಲಿ ಇದ್ದಾಳೆ. ಕೆಲಸವೂ ಹೋಯಿತು.

ಎರಡಕ್ಕೂ ಇರುವ ವ್ಯತ್ಯಾಸ ಏನು? ಒಂದೇ ಮಾತಲ್ಲಿ ಹೇಳಿ.

ಡಿವಿ ಅರ್ಜಿ ನಿಮಗೆ ಏನು ಸಿಗಬೇಕು ಅಂತ ಕೇಳುತ್ತದೆ. ಕ್ರಿಮಿನಲ್ ಕೇಸು ಅವನಿಗೆ ಏನಾಗಬೇಕು ಅಂತ ಕೇಳುತ್ತದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ ಆಗಿದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಕೋರ್ಟಿನಲ್ಲಿ ಎಲ್ಲರೂ "ಡಿವಿ ಕೇಸ್" ಅಂತಲೇ ಕರೆಯುತ್ತಾರೆ. ನಡೆಯುವುದು ಮ್ಯಾಜಿಸ್ಟ್ರೇಟ್ ಮುಂದೆ, ಆದರೆ ಅದರ ಸ್ವಭಾವ ಸಿವಿಲ್. ಅಲ್ಲಿ ಗಂಡ ಆರೋಪಿ ಅಲ್ಲ, ಎದುರುದಾರ. ಕೋರ್ಟ್ ಅವನಿಗೆ "ಇದು ಮಾಡಬೇಡ, ಇಷ್ಟು ಕೊಡು, ಅವಳನ್ನು ಮನೆಯಿಂದ ಹೊರಹಾಕಬೇಡ" ಅಂತ ಹೇಳುತ್ತದೆ. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ.

498ಎ ಹಾಗಲ್ಲ. ಅದು 1983ರಲ್ಲಿ ದಂಡ ಸಂಹಿತೆಗೆ ಸೇರಿದ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85 ಆಗಿದೆ. ಶಿಕ್ಷೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಕೇಸು ನಡೆಸುವುದು ಸರ್ಕಾರ, ನೀವು ಅದರಲ್ಲಿ ಸಾಕ್ಷಿ. ಈ ಕೇಸು ಗೆದ್ದರೂ ಜೀವನಾಂಶವಾಗಿ ನಿಮ್ಮ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಇದನ್ನು ಹೇಳಿದಾಗ ಜನ ನನ್ನ ಮುಖವನ್ನೇ ನೋಡುತ್ತಾರೆ.

ಇನ್ನೂ 498ಎ ಅನ್ನಬೇಕಾ, ಸೆಕ್ಷನ್ 85 ಅನ್ನಬೇಕಾ?

ಹೊಸ ಕಾನೂನು 2024ರ ಜುಲೈ 1ಕ್ಕೆ ಬಂತು. ಅದಕ್ಕಿಂತ ಮೊದಲಿನ ಕೃತ್ಯಕ್ಕೆ 498ಎ, ಆಮೇಲಿನದಕ್ಕೆ 85. ನಮ್ಮ ಹುಡುಗಿಯ ಕೇಸಿನಲ್ಲಿ ಕಿರುಕುಳ ಎರಡೂ ಕಾಲಕ್ಕೆ ಹರಡಿದೆ, ಆದ್ದರಿಂದ ಎಫ್‌ಐಆರ್‌ನಲ್ಲಿ ಎರಡೂ ಬರಬಹುದು. ಗಾಬರಿಯಾಗಬೇಡಿ. ಬಾಯಿಮಾತಲ್ಲಿ ಪೊಲೀಸರೂ 498ಎ ಅಂತಲೇ ಹೇಳುತ್ತಾರೆ.

ಹೊಡೆದಿಲ್ಲ, ಆದರೆ ಬದುಕೋಕೆ ಬಿಡ್ತಿಲ್ಲ. ಇದಕ್ಕೆ ಕೇಸು ಆಗುತ್ತಾ?

ಡಿವಿ ಕಾಯ್ದೆಯಲ್ಲಿ ಆಗುತ್ತದೆ. ಅಲ್ಲಿ ದೌರ್ಜನ್ಯ ಅಂದರೆ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಇದರ ಜೊತೆಗೆ ಆರ್ಥಿಕ. ಈ ಕೊನೆಯದನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಸಂಬಳದ ಕಾರ್ಡ್ ಕಿತ್ತುಕೊಳ್ಳುವುದು, ದಿನಸಿಗೆ ದುಡ್ಡು ಕೊಡದಿರುವುದು, ನಿಮ್ಮ ಒಡವೆ ಅಡ ಇಡುವುದು, ಮನೆ ಬಾಡಿಗೆ ಕಟ್ಟದೆ ಹೋಗುವುದು, ಎಲ್ಲವೂ ಇದರಲ್ಲಿ ಬರುತ್ತವೆ. ನಮ್ಮ ಹುಡುಗಿ ನನ್ನ ಹತ್ತಿರ ಅರ್ಧ ಗಂಟೆ ಏಟಿನ ವಿಷಯವನ್ನೇ ಹೇಳಿದಳು ಅಂದುಕೊಳ್ಳಿ. ಎಟಿಎಂ ಕಾರ್ಡಿನ ವಿಷಯ ಬಂದದ್ದು ಎದ್ದು ಹೋಗುವಾಗ, "ಅದೇನು ದೊಡ್ಡ ವಿಷಯ ಅಲ್ಲ ಬಿಡಿ ಮೇಡಂ" ಅನ್ನುತ್ತಾ. ಅರ್ಜಿಯಲ್ಲಿ ಗಟ್ಟಿಯಾಗಿ ನಿಲ್ಲುವುದು ಅದೇ, ಯಾಕಂದರೆ ಏಟಿಗೆ ಕಾಗದ ಇರುವುದು ಅಪರೂಪ, ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಎಲ್ಲೂ ಹೋಗುವುದಿಲ್ಲ.

ಸೆಕ್ಷನ್ 85ರ ಕ್ರೌರ್ಯದ ಬಾಗಿಲು ಇಷ್ಟು ಅಗಲ ಇಲ್ಲ. ಅಲ್ಲಿ ಎರಡರಲ್ಲಿ ಒಂದನ್ನು ತೋರಿಸಬೇಕು. ಆತ್ಮಹತ್ಯೆಗೆ ದೂಡುವಷ್ಟು, ಅಥವಾ ಜೀವಕ್ಕೆ, ದೇಹಕ್ಕೆ, ಮನಸ್ಸಿನ ಆರೋಗ್ಯಕ್ಕೆ ಭಾರಿ ಪೆಟ್ಟಾಗುವಂಥ ನಡವಳಿಕೆ ಒಂದು. ದುಡ್ಡು, ಕಾರು, ಸೈಟು ತರುವಂತೆ ಕೊಟ್ಟ ಕಿರುಕುಳ ಇನ್ನೊಂದು. ಅಡುಗೆಗೆ ಹೆಸರಿಡುವುದು, ತವರಿಗೆ ಫೋನ್ ಮಾಡಬೇಡ ಅನ್ನುವುದು ಅಷ್ಟಕ್ಕೇ ಅಲ್ಲಿ ನಿಲ್ಲುವುದು ಕಷ್ಟ. ಇವೇ ಸಂಗತಿಗಳು ಡಿವಿ ಅರ್ಜಿಯಲ್ಲಿ ನಿಲ್ಲುತ್ತವೆ. ಪುರಾವೆಯ ಅಳತೆಯೂ ಬೇರೆ. ಡಿವಿಯಲ್ಲಿ ಯಾರ ಮಾತು ಹೆಚ್ಚು ನಂಬುವ ಹಾಗಿದೆ ಅಂತ ತೂಗುತ್ತಾರೆ. ಕ್ರಿಮಿನಲ್‌ನಲ್ಲಿ ಅನುಮಾನಕ್ಕೆ ಎಡೆ ಇಲ್ಲದಂತೆ ಸಾಬೀತು ಮಾಡಬೇಕು.

ಮನೆ ಮಾವನ ಹೆಸರಲ್ಲಿದೆ. ನನಗೆ ಅಲ್ಲಿ ಹಕ್ಕಿಲ್ಲ ಅಂತಾರೆ.

ಹಿಂದೆ ಹಾಗೆ ಹೇಳಬಹುದಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ಗಂಡನ ಜೊತೆ ನೀವು ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅದು "ಹಂಚಿಕೊಂಡ ಮನೆ"ಯೇ. ಸುಮ್ನೆ ನಾಲ್ಕು ದಿನ ಇದ್ದು ಬಂದ ಮನೆ ಅಲ್ಲ, ನೆಲೆಯಾಗಿ ಇದ್ದ ಮನೆ ಆಗಿರಬೇಕು. ಅದೇ ಡಿಸೆಂಬರ್‌ನಲ್ಲಿ ಬೆಂಗಳೂರಿನದೇ ಒಂದು ಕೇಸಿನಲ್ಲಿ ಇನ್ನೊಂದು ಮಾತು ಇತ್ಯರ್ಥವಾಯಿತು. ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅರ್ಜಿ ಹಾಕಿ ಸೊಸೆಯನ್ನು ಹೊರಹಾಕಿಸುವ ದಾರಿ ಹಿಡಿದರೂ, ಡಿವಿ ಕಾಯ್ದೆಯ ವಾಸದ ಹಕ್ಕನ್ನು ಅದರಿಂದ ಅಳಿಸಿಹಾಕಲು ಆಗುವುದಿಲ್ಲ.

ಇದರರ್ಥ ಮನೆ ನಿಮ್ಮದಾಯಿತು ಅಂತ ಅಲ್ಲ. ವಾಸಿಸುವ ಹಕ್ಕು ಬೇರೆ, ಒಡೆತನ ಬೇರೆ. ವಯಸ್ಸಾದ ಅತ್ತೆ ಮಾವನ ನೆಮ್ಮದಿಯನ್ನೂ ಕೋರ್ಟ್ ನೋಡುತ್ತದೆ, ಒಂದೇ ಸೂರಿನಡಿ ಆಗದು ಅನ್ನಿಸಿದರೆ ಬೇರೆ ಮನೆ ಮಾಡಿಕೊಡು ಅಥವಾ ಬಾಡಿಗೆ ಕೊಡು ಅಂತ ಗಂಡನಿಗೆ ಹೇಳಬಹುದು. ನಮ್ಮ ಹುಡುಗಿಗೆ ಬೇಕಾಗಿದ್ದದ್ದೂ ಇದೇ. "ಆ ಮನೆಗೆ ವಾಪಸ್ ಹೋಗಲ್ಲ, ಬಾಡಿಗೆ ಕೊಟ್ಟರೆ ಸಾಕು."

ಇನ್ನೊಂದು. ಗಂಡನನ್ನು ಮನೆಯಿಂದ ಹೊರಗೆ ಕಳಿಸುವ ಆದೇಶ ಕೇಳಬಹುದು. ಆದರೆ ಅತ್ತೆ, ನಾದಿನಿ, ಅಂದರೆ ಯಾವ ಹೆಂಗಸನ್ನೂ ಹಾಗೆ ಹೊರಹಾಕಿಸಲು ಈ ಕಾಯ್ದೆ ಬಿಡುವುದಿಲ್ಲ. ಅವರನ್ನು ಎದುರುದಾರರನ್ನಾಗಿ ಮಾಡಬಹುದು, 2016ರಿಂದ ಅದಕ್ಕೆ ಅಡ್ಡಿಯಿಲ್ಲ.

ಬೆಂಗಳೂರಿನಲ್ಲಿ ನಡೆದದ್ದು. ಅರಸೀಕೆರೆಯಲ್ಲಿ ಹಾಕಬಹುದಾ?

ಎರಡನ್ನೂ ಹಾಕಬಹುದು. ನೀವು ಈಗ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಡಿವಿ ಅರ್ಜಿ ಹಾಕಲು ಕಾಯ್ದೆಯೇ ಅವಕಾಶ ಕೊಡುತ್ತದೆ. ಕ್ರಿಮಿನಲ್ ದೂರಿನ ಬಗ್ಗೆ ಗೊಂದಲ ಇತ್ತು. ಹೊರದಬ್ಬಿಸಿಕೊಂಡ ಹೆಂಡತಿ ಆಶ್ರಯ ಪಡೆದ ಊರಿನಲ್ಲೂ 498ಎ ದೂರು ಕೊಡಬಹುದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ "ನಮ್ಮ ಲಿಮಿಟ್ಸ್ ಅಲ್ಲಮ್ಮ" ಅನ್ನುವ ಮಾತು ಸ್ಟೇಷನ್ನಿನಲ್ಲಿ ಕೇಳಬೇಕಾಗಬಹುದು. ಎಲ್ಲಿಯದೇ ಆಗಿರಲಿ, ದೂರು ಬರೆದುಕೊಂಡು ಝೀರೋ ಎಫ್‌ಐಆರ್ ಮಾಡಿ ಆ ಸ್ಟೇಷನ್ನಿಗೆ ಕಳಿಸಬೇಕು ಅನ್ನುವುದು ಈಗಿನ ನಿಯಮ.

ಡಿವಿ ಅರ್ಜಿ ಹಾಕೋದು ಹೇಗೆ? ಮೊದಲು ಎಲ್ಲಿಗೆ ಹೋಗಬೇಕು?

ಮೂರು ಬಾಗಿಲಿವೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಯವರೆಲ್ಲ ಸಿಡಿಪಿಓ ಅನ್ನುತ್ತಾರಲ್ಲ, ಅವರು ನಮ್ಮಲ್ಲಿ ಸಂರಕ್ಷಣಾಧಿಕಾರಿಯ ಕೆಲಸವನ್ನೂ ಮಾಡುತ್ತಾರೆ. ಅವರ ಹತ್ತಿರ ಹೋದರೆ ಕೌಟುಂಬಿಕ ಘಟನಾ ವರದಿ ಬರೆದುಕೊಂಡು ಕೋರ್ಟಿಗೆ ಕಳಿಸುತ್ತಾರೆ. ಎರಡನೆಯದು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲ, ವಕೀಲರು ಉಚಿತ, ಫೋನ್ 15100. ಮೂರನೆಯದು ನೇರವಾಗಿ ನಿಮ್ಮ ವಕೀಲರ ಮೂಲಕ. ಸಂರಕ್ಷಣಾಧಿಕಾರಿಯ ವರದಿ ಇಲ್ಲದಿದ್ದರೆ ಅರ್ಜಿ ನಡೆಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಕಡ್ಡಾಯವಲ್ಲ ಅಂತ 2022ರಲ್ಲೇ ತೀರ್ಪಾಗಿದೆ. ಇದ್ದರೆ ಒಳ್ಳೆಯದು, ಅಷ್ಟೇ.

ಈಗ ನಮ್ಮ ಹುಡುಗಿಯ ಅರ್ಜಿ ಬರೆಯೋಣ. ಮೊದಲು ನಾನು ಒಂದು ಹಳೆ ನೋಟ್‌ಬುಕ್ ಕೊಟ್ಟು ಮನೆಗೆ ಕಳಿಸುತ್ತೇನೆ. ಪ್ರತಿ ಘಟನೆಗೆ ಒಂದು ಪುಟ. ಯಾವಾಗ, ಎಲ್ಲಿ, ಯಾರು, ಏನು ಮಾಡಿದರು ಅಥವಾ ಏನು ಅಂದರು, ಯಾರು ನೋಡಿದರು, ಕಾಗದ ಏನಿದೆ. ತಾರೀಖು ನೆನಪಿಲ್ಲದಿದ್ದರೆ ಹಬ್ಬ ಹಿಡಿದು ಬರೆಯಿರಿ ಅನ್ನುತ್ತೇನೆ. "2024ರ ಯುಗಾದಿ ಹಿಂದಿನ ರಾತ್ರಿ" ಅಂದರೆ ಸಾಕು. ಊಹಿಸಿ ತಾರೀಖು ಹಾಕುವುದಕ್ಕಿಂತ ಅದೇ ವಾಸಿ, ಯಾಕಂದರೆ ಊಹಿಸಿದ ದಿನ ಗಂಡ ಚೆನ್ನೈನಲ್ಲಿ ಡ್ಯೂಟಿ ಮೇಲಿದ್ದ ಅಂತ ಟಿಕೆಟ್ ತಂದು ತೋರಿಸಿದರೆ ಉಳಿದ ಹತ್ತು ನಿಜವೂ ಸೊರಗುತ್ತದೆ.

ಆಮೇಲೆ ಬೇಡಿಕೆಗಳು. ಇಲ್ಲೇ ಅರ್ಜಿಗಳು ಎಡವುವುದು. "ಸೂಕ್ತ ರಕ್ಷಣೆ ಕೊಡಿಸಬೇಕು" ಅಂತ ಒಂದು ಸಾಲು ಬರೆದು ಬಿಟ್ಟರೆ ಆದೇಶವೂ ಅಷ್ಟೇ ಮಸುಕಾಗಿ ಬರುತ್ತದೆ. ನಾವು ಹೀಗೆ ಕೇಳುತ್ತೇವೆ: ಗಂಡ ಅಣ್ಣನ ಮನೆಗೆ ಮತ್ತು ಮಗುವಿನ ಶಾಲೆಗೆ ಬರಬಾರದು, ಅವನಾಗಲಿ ಅವನ ಪರವಾಗಿ ಬೇರೆಯವರಾಗಲಿ ಫೋನ್ ಮಾಡಿ ಬೆದರಿಸಬಾರದು, ಲಾಕರಿನಲ್ಲಿರುವ ಅವಳ ಒಡವೆ ಮಾರಬಾರದು. ಇದು ಸೆಕ್ಷನ್ 18, ನಿಜವಾದ ರಕ್ಷಣಾ ಆದೇಶ. ಬಾಡಿಗೆ ಮತ್ತು ಒಡವೆ ವಾಪಸಾತಿ ಸೆಕ್ಷನ್ 19. ತಿಂಗಳ ಖರ್ಚು 20. ಮಗು ಸದ್ಯಕ್ಕೆ ತಾಯಿಯ ಹತ್ತಿರ ಇರಲಿ ಅನ್ನುವುದು 21. ಪರಿಹಾರ 22. ಇವೆಲ್ಲ ಮುಗಿಯುವತನಕ ಮಧ್ಯಂತರವಾಗಿ ಕೊಡಿ ಅನ್ನುವುದು 23. ಈ 23ರ ಅರ್ಜಿಯನ್ನು ಅಫಿಡವಿಟ್ ಸಮೇತ ಅದೇ ದಿನ ಹಾಕಬೇಕು. ತುರ್ತು ಇದೆ ಅನ್ನಿಸಿದರೆ ಎದುರುದಾರನಿಗೆ ನೋಟಿಸ್ ಮುಟ್ಟುವ ಮೊದಲೇ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು.

ಎಷ್ಟು ದಿನ ಹಿಡಿಯುತ್ತೆ? ನಿಜ ಹೇಳಿ.

ಪುಸ್ತಕದಲ್ಲಿ ಮೂರು ದಿನದೊಳಗೆ ಮೊದಲ ದಿನಾಂಕ, ಅಲ್ಲಿಂದ 60 ದಿನದಲ್ಲಿ ಇತ್ಯರ್ಥ. ನಿಜದಲ್ಲಿ ಹಾಗೆ ಮುಗಿದ ಅರ್ಜಿ ನನ್ನ ಕೈಲಿ ಒಂದೂ ಇಲ್ಲ. ನೋಟಿಸ್ ಎರಡು ದಿನದಲ್ಲಿ ಮುಟ್ಟಿಸಬೇಕು ಅಂತಿದೆ, ಆದರೆ ಬೆಂಗಳೂರಿನ ಮನೆಗೆ ಹೋದವರಿಗೆ ಬೀಗ ಸಿಗುತ್ತದೆ, ಪಕ್ಕದ ಮನೆಯವರು ನಮಗೆ ಗೊತ್ತಿಲ್ಲ ಅನ್ನುತ್ತಾರೆ. ಅದಕ್ಕೇ ಗಂಡನ ಆಫೀಸಿನ ವಿಳಾಸವನ್ನೂ ಅರ್ಜಿಯಲ್ಲಿ ಕೊಡಿ.

ನಮ್ಮ ಉದಾಹರಣೆಯಲ್ಲಿ ಹೀಗೆ ಆಯಿತು ಅಂದುಕೊಳ್ಳಿ. ಅರ್ಜಿ ಹಾಕಿದ ವಾರದಲ್ಲೇ ಒಡವೆ ಮಾರಬಾರದು, ಶಾಲೆ ಹತ್ತಿರ ಬರಬಾರದು ಅನ್ನುವ ಮಧ್ಯಂತರ ಆದೇಶ ಸಿಕ್ಕಿತು. ದುಡ್ಡಿನದು ಸಿಗಲಿಲ್ಲ. ದುಡ್ಡಿಗೆ ಎರಡೂ ಕಡೆಯವರು ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಬೇಕು, ಇದು 2020ರ ತೀರ್ಪಿನಿಂದ ಬಂದ ನಿಯಮ. ಗಂಡ ಎರಡು ದಿನಾಂಕ ವಾಯಿದೆ ಕೇಳಿದ. ಆಮೇಲೆ "ಅವಳು ಬಿ.ಎಡ್. ಮಾಡಿದ್ದಾಳೆ, ದುಡಿಯಬಲ್ಲಳು" ಅಂದ. ದುಡಿಯಬಲ್ಲಳು ಅನ್ನುವುದೇ ಬೇರೆ, ದುಡಿಯುತ್ತಿದ್ದಾಳೆ ಅನ್ನುವುದೇ ಬೇರೆ. ಅವನ ಸಂಬಳ 52,000, ನಾವು ಕೇಳಿದ್ದು 25,000, ನಾಲ್ಕನೇ ತಿಂಗಳಲ್ಲಿ ಮಗುವಿನದೂ ಸೇರಿ 15,000 ಆದೇಶವಾಯಿತು. ಸಮಾಧಾನದ ವಿಷಯ ಅಂದರೆ ಅದು ಆದೇಶದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. ಅಂದರೆ ಆ ದಿನಕ್ಕೆ ನಾಲ್ಕು ತಿಂಗಳ ಬಾಕಿ 60,000 ಅವನ ತಲೆ ಮೇಲೆ. ಆದ್ದರಿಂದ "ಇನ್ನೆರಡು ತಿಂಗಳು ನೋಡೋಣ" ಅಂತ ಕಾಯುವವರಿಗೆ ನಾನು ಹೇಳುವುದು, ಕಾಯಿರಿ, ಆದರೆ ಅರ್ಜಿ ಹಾಕಿ ಕಾಯಿರಿ.

ಆದೇಶ ಸಿಕ್ತು. ಅವನು ಕ್ಯಾರೇ ಅನ್ನಲ್ಲ. ಬರೀ ಕಾಗದ ತಾನೆ?

ಇಲ್ಲಿಂದಲೇ ಡಿವಿ ಆದೇಶಕ್ಕೆ ಹಲ್ಲು ಮೂಡುವುದು. ರಕ್ಷಣಾ ಆದೇಶ, ಅದು ಮಧ್ಯಂತರದ್ದೇ ಆಗಿರಲಿ, ಮುರಿದರೆ ಅದೇ ಒಂದು ಅಪರಾಧ. ಸೆಕ್ಷನ್ 31. ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಅವನು ಶಾಲೆ ಗೇಟಿಗೆ ಬಂದ, ಅಂದುಕೊಳ್ಳಿ. 112ಕ್ಕೆ ಫೋನ್ ಮಾಡಿ, ಬಂದವರಿಗೆ ಆದೇಶದ ಪ್ರತಿ ತೋರಿಸಿ. ಪ್ರತಿ ಉಚಿತ, ಸ್ಟೇಷನ್ನಿಗೂ ಒಂದು ಹೋಗಬೇಕು. ಅದನ್ನು ಕೋರ್ಟ್ ಕಳಿಸುತ್ತದೆ ಅಂತ ಕೂರಬೇಡಿ, ನೀವೇ ಕೈಯಾರೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಫೋನಿನಲ್ಲೂ ಒಂದು ಫೋಟೋ ಇರಲಿ.

ಒಂದು ಒಳಗುಟ್ಟು. ಸೆಕ್ಷನ್ 31ರ ಮಾತು ಇರುವುದು "ರಕ್ಷಣಾ ಆದೇಶ"ದ ಬಗ್ಗೆ. ವಾಸದ ಆದೇಶವನ್ನೋ ದುಡ್ಡಿನ ಆದೇಶವನ್ನೋ ಮುರಿದರೆ 31 ಹಾಕಬಹುದಾ ಅಂತ ಎದುರು ವಕೀಲರು ವಾದ ಎತ್ತುತ್ತಾರೆ. ಹಾಗಾಗಿ "ಮನೆಯಿಂದ ಹೊರಹಾಕಬಾರದು" ಅನ್ನುವುದನ್ನು 19ರಲ್ಲಿ ಮಾತ್ರ ಕೇಳದೆ 18ರಲ್ಲೂ, ದೌರ್ಜನ್ಯದ ಒಂದು ಕೃತ್ಯವಾಗಿ, ಕೇಳಿಡಿ. ದುಡ್ಡು ಕೊಡದಿದ್ದರೆ ದಾರಿ ಬೇರೆ, ವಸೂಲಿ ಅರ್ಜಿ ಹಾಕಿ ವಾರಂಟ್ ಕೇಳಬೇಕು. ಸಂಬಳದವನಾದರೆ ಅವನ ಕಂಪನಿಯೇ ಸಂಬಳದಿಂದ ಹಿಡಿದು ನಿಮಗೆ ಕೊಡಲಿ ಅಂತಲೂ ಕೋರ್ಟ್ ಹೇಳಬಹುದು. ಇದನ್ನು ಕೇಳುವವರು ಕಮ್ಮಿ.

ಕಂಪ್ಲೇಂಟ್ ಕೊಟ್ಟರೆ ಮನೆಯವರನ್ನೆಲ್ಲ ಅರೆಸ್ಟ್ ಮಾಡ್ತಾರಾ?

ಆ ಕಾಲ ಹೋಯಿತು. 2014ರ ಅರ್ನೇಶ್ ಕುಮಾರ್ ತೀರ್ಪು ಬಂದ ಮೇಲೆ, ಏಳು ವರ್ಷದವರೆಗಿನ ಶಿಕ್ಷೆಯ ಕೇಸಿನಲ್ಲಿ ಅರೆಸ್ಟ್ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು. ಕಾರಣ ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಿ ಹೇಳಿಕೆ ಪಡೆಯುತ್ತಾರೆ. ಅಷ್ಟರಲ್ಲಿ ಅವರು ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಹಾಕಿರುತ್ತಾರೆ. "ಒಂದು ರಾತ್ರಿ ಒಳಗೆ ಕೂರಿಸಿದರೆ ಬುದ್ಧಿ ಬರುತ್ತೆ" ಅನ್ನುವ ಲೆಕ್ಕದಲ್ಲಿ ದೂರು ಕೊಟ್ಟವರಿಗೆ ಮೊದಲ ವಾರದಲ್ಲೇ ನಿರಾಸೆ. ಆಮೇಲೆ ಚಾರ್ಜ್‌ಶೀಟ್, ಸಾಕ್ಷಿ, ಪಾಟೀಸವಾಲು. ವರ್ಷಗಳ ಮಾತು.

ಸ್ಟೇಷನ್ನಿನಲ್ಲಿ ಮುಚ್ಚಳಿಕೆ ಬರೆಸಿ ಕಳಿಸಿಬಿಟ್ಟರು. ಇನ್ನೇನು ಮಾಡೋದು?

ಇದು ಬಹಳ ಆಗುತ್ತದೆ. ಎರಡು ಕಡೆಯವರನ್ನೂ ಕೂರಿಸಿ, "ಹೆಂಗೋ ಹೊಂದ್ಕೊಂಡು ಹೋಗಮ್ಮ, ಮಗು ಮುಖ ನೋಡು" ಅಂತ ಹೇಳಿ, ಗಂಡನ ಕೈಲಿ ಇನ್ನು ಮುಂದೆ ಹೊಡೆಯಲ್ಲ ಅಂತ ಬರೆಸಿ ಸಹಿ ಹಾಕಿಸುತ್ತಾರೆ. ನಿಮ್ಮ ದೂರಿಗೆ ಒಂದು ಹಿಂಬರಹ ಕೊಟ್ಟರೆ ದೊಡ್ಡದು. ಆ ಮುಚ್ಚಳಿಕೆಯ ಪ್ರತಿಯನ್ನು ಬಿಡಬೇಡಿ. ಅವನು ಹೊಡೆದದ್ದನ್ನು ಅವನೇ ಒಪ್ಪಿದ ಕಾಗದ ಅದು, ಡಿವಿ ಅರ್ಜಿಗೆ ಬಂಗಾರ.

ಎಫ್‌ಐಆರ್ ಬೇಕೇ ಬೇಕು ಅಂದರೆ ದಾರಿ ಇದೆ. ಈ ಮಟ್ಟದ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಕಾನೂನು ಅವಕಾಶ ಕೊಟ್ಟಿದೆ. 14 ದಿನ, ಮೂರು ತಿಂಗಳಲ್ಲ. ಆಮೇಲೂ ಆಗದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಎಫ್‌ಐಆರ್‌ಗೆ ಆದೇಶ ಕೇಳಬಹುದು. ಆ ಪೋಸ್ಟಿನ ರಸೀದಿ ಇಲ್ಲದೆ ಹೋದರೆ ಅಲ್ಲಿ ಮೊದಲ ಪ್ರಶ್ನೆಯೇ ಅದು.

ಅತ್ತೆ, ಮಾವ, ನಾದಿನಿ, ನಾದಿನಿ ಗಂಡ, ಎಲ್ಲರ ಹೆಸರೂ ಹಾಕಬೇಕಾ?

ಏನು ಮಾಡಿದರು ಅಂತ ಹೇಳಲು ಆಗುವವರ ಹೆಸರು ಮಾತ್ರ ಹಾಕಿ. "ಎಲ್ಲರೂ ಸೇರಿ ಮಾನಸಿಕವಾಗಿ ದೈಹಿಕವಾಗಿ ಹಿಂಸೆ ಕೊಟ್ಟರು" ಅನ್ನುವ ಸಾಲು ನೂರಾರು ದೂರುಗಳಲ್ಲಿ ಅಕ್ಷರ ಬದಲಾಗದೆ ಇರುತ್ತದೆ, ಟೈಪಿಸ್ಟ್‌ಗಳಿಗೆ ಬಾಯಿಪಾಠ ಆಗಿರಬೇಕು. ಹೀಗೆ ಸಾರಾಸಗಟಾಗಿ ಹೇಳಿದ ಆರೋಪವನ್ನು ನಂಬಿ ಗಂಡನ ನೆಂಟರ ಮೇಲೆ ಕೇಸು ನಡೆಸಲು ಆಗದು ಅಂತ ಸುಪ್ರೀಂ ಕೋರ್ಟ್ 2022ರಲ್ಲೂ 2024ರ ಡಿಸೆಂಬರ್‌ನಲ್ಲೂ ಹೇಳಿ ರದ್ದು ಮಾಡಿದೆ. ಹುಬ್ಬಳ್ಳಿಯಲ್ಲಿರುವ ನಾದಿನಿಯ ಗಂಡ ವರ್ಷಕ್ಕೊಮ್ಮೆ ಬರುವವನು. ಅವನನ್ನು ಸೇರಿಸಿದರೆ ಅವನು ಹೈಕೋರ್ಟಿಗೆ ಹೋಗಿ ತಡೆ ತರುತ್ತಾನೆ, ನಿಮ್ಮ ನಿಜವಾದ ಕೇಸು ಅವನ ಜೊತೆ ನಿಲ್ಲುತ್ತದೆ.

ಅತ್ತೆಯ ವಿಷಯ ಬೇರೆ. "2023ರ ಜೂನ್ ತಿಂಗಳಿಂದ ನನ್ನ ಎಟಿಎಂ ಕಾರ್ಡ್ ಅವರ ಬಳಿ ಇತ್ತು, ಪ್ರತಿ ತಿಂಗಳು ಒಂದನೇ ತಾರೀಖು ಹಣ ತೆಗೆದಿದ್ದಾರೆ, ಸ್ಟೇಟ್‌ಮೆಂಟ್ ಲಗತ್ತಿಸಿದೆ." ಇಂಥದ್ದನ್ನು ಅಲ್ಲಾಡಿಸುವುದು ಕಷ್ಟ.

ಎರಡನ್ನೂ ಒಟ್ಟಿಗೆ ಹಾಕಬಹುದಾ?

ಹಾಕಬಹುದು. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಆದರೆ ಎರಡು ಕಡೆ ಎರಡು ಕತೆ ಇರಬಾರದು. ನಮ್ಮ ಹುಡುಗಿಯ ಅಣ್ಣ ಕೋಪದಲ್ಲಿ ಸ್ಟೇಷನ್ನಿನ ಹೊರಗೆ ದೂರು ಬರೆಸಿದ ಅಂದುಕೊಳ್ಳಿ. ಅದರಲ್ಲಿ ವರೋಪಚಾರ 10 ಲಕ್ಷ ಅಂತಿದೆ. ಡಿವಿ ಅರ್ಜಿಯಲ್ಲಿ ಅವಳು ನಿಜ ಹೇಳಿದಳು, 4 ಲಕ್ಷ ಮತ್ತು 80 ಗ್ರಾಂ ಚಿನ್ನ. ಎರಡು ವರ್ಷದ ಮೇಲೆ ಪಾಟೀಸವಾಲಿನಲ್ಲಿ ಎದುರು ವಕೀಲರು ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು, "ಯಾವುದಮ್ಮ ಸುಳ್ಳು?" ಅನ್ನುತ್ತಾರೆ. ಆ ಪ್ರಶ್ನೆಗೆ ಒಳ್ಳೆಯ ಉತ್ತರ ಇಲ್ಲ. ಎರಡಕ್ಕೂ ಅದೇ ನೋಟ್‌ಬುಕ್ಕಿನಿಂದ ಬರೆಯಿರಿ.

ಯಾವುದು ಮೊದಲು? ಜೀವಕ್ಕೆ ಅಪಾಯ ಇದ್ದರೆ ಯೋಚನೆ ಬೇಡ, ಪೊಲೀಸರೇ ಮೊದಲು. ಕತ್ತು ಹಿಸುಕಿದ್ದು, ಸೀಮೆಎಣ್ಣೆ ಗ್ಯಾಸು ಅಂತ ಬೆದರಿಸಿದ್ದು, ಮೂಳೆ ಮುರಿದದ್ದು, ಬಲವಂತದ ಗರ್ಭಪಾತ, ಇವಕ್ಕೆ 498ಎ ಅಷ್ಟೇ ಅಲ್ಲ, ಇನ್ನೂ ಭಾರವಾದ ಸೆಕ್ಷನ್‌ಗಳು ಬರುತ್ತವೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ, ಮಾಡಿಸಿ, ಡಾಕ್ಟರಿಗೆ "ಬಿದ್ದೆ" ಅನ್ನಬೇಡಿ. ಆ ಒಂದು ಪದ ಎಷ್ಟು ಕೇಸು ಮುಳುಗಿಸಿದೆ ಅಂತ ನಾನು ಲೆಕ್ಕ ಇಟ್ಟಿಲ್ಲ. ಅಪಾಯ ಆ ಮಟ್ಟದ್ದಲ್ಲ, ಬೇಕಾಗಿರುವುದು ಸೂರು, ದುಡ್ಡು, ನೆಮ್ಮದಿ ಅಂದರೆ ನನ್ನ ಅಭಿಪ್ರಾಯದಲ್ಲಿ ಡಿವಿ ಮೊದಲು. ಹಾಗಂತ ಕ್ರಿಮಿನಲ್ ದೂರನ್ನು ಸುಮ್ನೆ ಮುಂದೂಡುತ್ತಾ ಹೋಗಬೇಡಿ, ಅದಕ್ಕೆ ಮೂರು ವರ್ಷದ ಕಾಲಮಿತಿ ಇದೆ. ಡಿವಿ ಅರ್ಜಿಗೆ ಆ ಮಿತಿ ಇಲ್ಲ.

ಆಮೇಲೆ ರಾಜಿ ಆದರೆ ವಾಪಸ್ ತಗೋಬಹುದಾ?

ಡಿವಿ ಅರ್ಜಿಯನ್ನು ನೀವು ಹಾಕಿದ ಕೋರ್ಟಿನಲ್ಲೇ ಹಿಂಪಡೆಯಬಹುದು. ಕ್ರಿಮಿನಲ್ ಕೇಸು ನಿಮ್ಮ ಕೈಲಿ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಇದು ರಾಜಿಯಾಗುವ ಅಪರಾಧವಲ್ಲ. ರಾಜಿ ಆಗಿದೆ ಅಂತ ಇಬ್ಬರೂ ಹೈಕೋರ್ಟಿಗೆ ಹೋಗಿ, ಬೆಂಗಳೂರೋ ಧಾರವಾಡವೋ ಕಲಬುರಗಿಯೋ, ರದ್ದು ಮಾಡಿಸಬೇಕು. ಎದುರಿನವರು ಕೊಡುವ ಮೊತ್ತದಲ್ಲಿ ಅರ್ಧವನ್ನು ಈ ರದ್ದತಿ ಆಗುವ ದಿನಕ್ಕೆ ಇಟ್ಟುಕೊಂಡಿರುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಒಪ್ಪಂದ ಬರೆಯುವಾಗ ಯಾವ ದಿನ ಎಷ್ಟು, ಡಿಡಿಯೋ ಆರ್‌ಟಿಜಿಎಸ್ಸೋ ಅಂತ ಬರೆಸಿ.

ವಾಟ್ಸಾಪ್ ಮೆಸೇಜ್, ಕಾಲ್ ರೆಕಾರ್ಡಿಂಗ್ ಸಾಕ್ಷಿ ಆಗುತ್ತಾ?

ಆಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಫೋನ್ ಎಕ್ಸ್‌ಚೇಂಜ್ ಮಾಡಿಬಿಡಬೇಡಿ, ಮೂಲ ಫೋನ್ ಇರಲಿ. ಪ್ರಿಂಟಿನ ಜೊತೆ ಸಾಕ್ಷ್ಯ ಕಾಯ್ದೆಯ ಪ್ರಮಾಣಪತ್ರ ಒಂದು ಕೊಡಬೇಕು, ವಕೀಲರು ಬರೆದುಕೊಡುತ್ತಾರೆ. ಚಾಟ್ ಪೂರ್ತಿ ತನ್ನಿ. ಅವನು ಬೈದದ್ದಷ್ಟೇ ಕತ್ತರಿಸಿ ತಂದರೆ ನೀವು ಬೈದದ್ದನ್ನು ಅವನು ತರುತ್ತಾನೆ. ನೀವೂ ಬೈದಿದ್ದೀರಿ ಅನ್ನುವ ಕಾರಣಕ್ಕೆ ಕೇಸು ಬಿದ್ದುಹೋಗುವುದಿಲ್ಲ, ಮುಚ್ಚಿಟ್ಟದ್ದು ಸಿಕ್ಕರೆ ಮಾತ್ರ ತೊಂದರೆ.

ಬಟ್ಟೆ, ಮಾರ್ಕ್ಸ್ ಕಾರ್ಡ್, ಮಗುವಿನ ಆಧಾರ್ ಎಲ್ಲಾ ಅಲ್ಲೇ ಇದೆ. ಹೋಗಿ ತರಬಹುದಾ?

ಒಬ್ಬರೇ ಹೋಗಬೇಡಿ. ಅಣ್ಣಂದಿರ ಗುಂಪು ಕಟ್ಟಿಕೊಂಡೂ ಹೋಗಬೇಡಿ, ಮಾರನೇ ದಿನ ನಿಮ್ಮ ಮೇಲೆಯೇ ಮನೆಗೆ ನುಗ್ಗಿದರು ಅಂತ ದೂರು ಇರುತ್ತದೆ. ಸೆಕ್ಷನ್ 19ರಲ್ಲಿ ಸ್ತ್ರೀಧನ ಮತ್ತು ನಿಮ್ಮ ವಸ್ತುಗಳನ್ನು ವಾಪಸ್ ಕೊಡಿಸಿ ಅಂತ, ಅದಕ್ಕೆ ಆ ಸ್ಟೇಷನ್ನಿನ ಪೊಲೀಸರು ಜೊತೆಗೆ ಬರಲಿ ಅಂತ ಮಧ್ಯಂತರ ಅರ್ಜಿಯಲ್ಲೇ ಕೇಳಬಹುದು. ಪಟ್ಟಿ ಮಾಡಿ ಕೊಡಿ, ಎಲ್ಲಿದೆ ಅಂತಲೂ ಬರೆಯಿರಿ. ನಮ್ಮ ಹುಡುಗಿಯ ಪಟ್ಟಿಯಲ್ಲಿ ಮೊದಲು ಇದ್ದದ್ದು ಒಡವೆ ಅಲ್ಲ. "ಬೆಡ್‌ರೂಮಿನ ಬೀರು, ಕೆಳಗಿನ ಅರೆ, ನೀಲಿ ಫೈಲು: ಬಿ.ಎಡ್. ಸರ್ಟಿಫಿಕೇಟ್." ಆ ಫೈಲು ಕೈಗೆ ಬಂದ ಮೇಲೆ ಅವಳು ಹೊಸ ಶಾಲೆಗೆ ಅರ್ಜಿ ಹಾಕಿದಳು.